ಐದನೇ ಪವನು ಹಾಡಲಿಲ್ಲ

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು. ಅದು 1984. ಅಪ್ಪ ಜಾಸ್ತಿ ಮಾತಾಡಲಿಲ್ಲ. ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಸಿ ತೀರ್ಥಹಳ್ಳಿಯ ಬಸ್ಸು ಹತ್ತಿಸಿದರು. ಅಲ್ಲಿ ಅಮ್ಮನ ಅಣ್ಣ ಚಿನ್ನದ ಕೆಲಸ ಮಾಡುತ್ತಿದ್ದರು. ಊರಿನವರಿಗೆಲ್ಲ ಅವರು ಆಚಾರ್ರು, ನನಗೆ ಮಾವ.

ಅಂಗಡಿ ಅಂದರೆ ಮನೆಯ ಜಗಲಿಯೇ. ಒಂದು ಕಡೆ ಅಗ್ಗಿಷ್ಟಿಕೆ, ಪಕ್ಕದಲ್ಲಿ ಅಡಿಗಲ್ಲು, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಮೊದಲ ಆರು ತಿಂಗಳು ನಾನು ಚಿನ್ನ ಮುಟ್ಟಲಿಲ್ಲ. ಕಸ ಗುಡಿಸುತ್ತಿದ್ದೆ. ಆ ಕಸವನ್ನೂ ಎಸೆಯುವ ಹಾಗಿರಲಿಲ್ಲ, ಡಬ್ಬಕ್ಕೆ ತುಂಬಬೇಕು. ಅರ ಹಾಕುವಾಗ ಉದುರಿದ ಪುಡಿ ಅದರಲ್ಲಿ ಇರುತ್ತದಲ್ಲ. ಇದ್ದಿಲು ಊದುತ್ತಿದ್ದೆ. ಬೆಳ್ಳಿ ತಂತಿಯನ್ನು ಕಂಬಚ್ಚಿನ ತೂತಿನಲ್ಲಿ ಎಳೆದು ಎಳೆದು ಸಣ್ಣ ಮಾಡುತ್ತಿದ್ದೆ. ಅಂಗೈ ಬೊಬ್ಬೆ ಬರುತ್ತಿತ್ತು.

ಒಂದು ದಿನ ಬೆಳ್ಳಿಯ ತುಂಡೊಂದನ್ನು ಅಡಿಗಲ್ಲಿನ ಮೇಲಿಟ್ಟು ತಗಡು ಬಡಿಯುತ್ತಿದ್ದೆ. ಮಾವ ಒಳಗೆ ಊಟ ಮಾಡುತ್ತಿದ್ದರು. ನಡುವೆ ಗೋಡೆ. ಅಲ್ಲಿಂದಲೇ ಕೂಗಿದರು.

"ಸಾಕು. ಕಾಸು ಅದನ್ನ."

ನಾನು ಕೇಳಿಸಿಕೊಂಡರೂ ಇನ್ನೊಂದು ಹತ್ತು ಪೆಟ್ಟು ಹಾಕಿದೆ. ತಗಡಿನ ಅಂಚು ಸೀಳಿತು. ಮಾವ ಕೈ ತೊಳೆದುಕೊಂಡು ಬಂದು ನೋಡಿದರು.

"ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದೆ.

"ನಿನ್ನ ಸುತ್ತಿಗೆ ಹೇಳ್ತು ಮಾರಾಯ. ಶುರುವಿನಲ್ಲಿ ತಪ್ ತಪ್ ಅಂತಿತ್ತು. ಆಮೇಲೆ ಟಣ್ ಟಣ್ ಅನ್ನೋಕೆ ಶುರುವಾಯ್ತು. ಲೋಹ ಗಟ್ಟಿಯಾದ್ರೆ ಕೂಗ್ತದೆ. ಕೂಗಿದಾಗ ಬೆಂಕಿಗೆ ಹಾಕಬೇಕು. ಇಲ್ಲಾಂದ್ರೆ ಒಡೀತದೆ."

ಬಡಿದಷ್ಟೂ ಲೋಹ ಬಿಗಿಯುತ್ತದೆ. ಕಾಸಿದರೆ ಮತ್ತೆ ಮೆತ್ತಗಾಗುತ್ತದೆ. ಬೆಳ್ಳಿಗೂ ಹೀಗೆ, ತಾಮ್ರಕ್ಕೂ ಹೀಗೆ, ಚಿನ್ನಕ್ಕೂ ಹೀಗೆ. ಈ ಒಂದು ವಿಷಯ ನನ್ನ ತಲೆಯಲ್ಲಿ ಸರಿಯಾಗಿ ಕೂತಿದ್ದರೆ ಮುಂದೆ ಒಂದು ಸಲದ ಅವಮಾನ ತಪ್ಪುತ್ತಿತ್ತು.

ಮಳೆಗಾಲದಲ್ಲಿ ಸದ್ದಿನ ಪಾಠ ಇರಲಿಲ್ಲ. ತೀರ್ಥಹಳ್ಳಿಯ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬಿಡುವ ಮಾತಿಲ್ಲ. ಜಗಲಿಗೆ ಮಾವ ತಗಡಿನ ಮಾಡು ಇಳಿಸಿದ್ದರು. ಅದರ ಮೇಲೆ ಮಳೆ ಬಿದ್ದರೆ ಎದುರು ಕೂತವರ ಮಾತೇ ಕೇಳುತ್ತಿರಲಿಲ್ಲ. ಇನ್ನು ಚಿನ್ನದ ಸದ್ದು ಎಲ್ಲಿ ಕೇಳಬೇಕು! ಹಾಗಾಗಿ ಮಳೆಗಾಲ ಕೈಗೆ, ಬೇಸಿಗೆ ಕಿವಿಗೆ ಅಂತ ನಮ್ಮಲ್ಲಿ ತಾನಾಗಿಯೇ ಪಾಲಾಗಿತ್ತು.

ಮರುವರ್ಷದ ಮಳೆಗಾಲ ಮಾವ ನನ್ನ ಕೈಯಲ್ಲೇ ಮೂರು ಪಟ್ಟಿ ಮಾಡಿಸಿದರು. ಮೊದಲನೆಯದು ಅಪರಂಜಿ, ಅಂದರೆ ಏನೂ ಬೆರೆಸದ ಚಿನ್ನ. ಎರಡನೆಯದು 22 ಕ್ಯಾರಟ್ಟಿನದು. ಅದಕ್ಕೆ ಚಿನ್ನ ಹನ್ನೊಂದು ಪಾಲು, ಬೆರಕೆ ಒಂದು ಪಾಲು. 2.2 ಗ್ರಾಂ ಚಿನ್ನಕ್ಕೆ 0.2 ಗ್ರಾಂ ತಾಮ್ರ ಹಾಕಿ ಮೂಸೆಯಲ್ಲಿ ಕರಗಿಸಿದೆ. ಮೂರನೆಯದು 18 ಕ್ಯಾರಟ್ಟು, ಮೂರು ಪಾಲು ಚಿನ್ನಕ್ಕೆ ಒಂದು ಪಾಲು ಬೆರಕೆ. 1.8 ಗ್ರಾಂಗೆ 0.6 ಗ್ರಾಂ ತಾಮ್ರ. ಮೂರನ್ನೂ ಬಡಿದು, ಕಾಸಿ, ತಗಡು ಮಾಡಿ, ನಾಲ್ಕು ಬೆರಳಗಲ ಉದ್ದಕ್ಕೆ ಒಂದೇ ಅಳತೆಗೆ ಕತ್ತರಿಸಿದೆ. ದಪ್ಪ ಅರ್ಧ ಮಿಲಿಮೀಟರ್. ಕೊನೆಗೆ ಮೂರನ್ನೂ ಇನ್ನೊಮ್ಮೆ ಕಾಸಿ ತಣಿಸಿದೆ.

ಆ ಕೊನೆಯ ಕಾಸುವಿಕೆಯಲ್ಲೇ ಒಂದು ಪಾಠ ಸಿಕ್ಕಿತು. ತಾಮ್ರ ಇದ್ದ ಎರಡೂ ಪಟ್ಟಿ ಕಪ್ಪಗಾದವು. 18 ಕ್ಯಾರಟ್ಟಿನದು ಸುಟ್ಟ ಹಪ್ಪಳದ ಹಾಗಿತ್ತು. ಅಪರಂಜಿ ಮಾತ್ರ ಬೆಂಕಿಯಿಂದ ಹೋದ ಹಾಗೇ ಬಂತು. ಕಪ್ಪಾಗುವುದು ಚಿನ್ನವಲ್ಲ, ಅದರೊಳಗಿನ ತಾಮ್ರ.

ಕಪ್ಪು ತೆಗೆದು ತೊಳೆದ ಮೇಲೆ ಮಾವ ಹಳೇ ಪಂಚೆಯ ತುಂಡಿನಿಂದ ನನ್ನ ಕಣ್ಣು ಕಟ್ಟಿದರು. ಒಂದೊಂದೇ ಪಟ್ಟಿ ಕೈಗಿಟ್ಟರು.

"ಬಗ್ಗಿಸು. ಬಿಡು. ಏನು ಮಾಡ್ತು ಹೇಳು."

ಮೊದಲನೆಯದು ಬಗ್ಗಿಸಿದೆ. ಬಗ್ಗಿತು. ಬೆರಳು ಬಿಟ್ಟೆ. ಬಗ್ಗಿದಲ್ಲೇ ಕೂತಿತು. ಸುಮ್ನೆ ಕೂತಿತು ಅನ್ನಬೇಕು, ಅದಕ್ಕೆ ವಾಪಸ್ ಬರುವ ಆಸೆಯೇ ಇರಲಿಲ್ಲ. ಜೇನುಮೇಣದ ಕಡ್ಡಿ ಬಗ್ಗಿಸಿದ ಹಾಗೆ. ಎರಡನೆಯದು ಬಗ್ಗಿ, ಕೂದಲೆಳೆಯಷ್ಟು ಹಿಂದಕ್ಕೆ ಬಂತು. ಮೂರನೆಯದು ಬೆರಳಿಗೆ ಎದುರು ನಿಂತಿತು. ಬಗ್ಗಿಸಿ ಬಿಟ್ಟರೆ ಚಿಮ್ಮಿ ಅರ್ಧ ನೆಟ್ಟಗಾಯಿತು. ನಾಲ್ಕೈದು ಸಲ ಹಿಂದೆ ಮುಂದೆ ಬಗ್ಗಿಸಿದರೆ ಅದು ಇನ್ನೂ ಬಿಗಿಯಾಗುತ್ತಿತ್ತು.

ಒಂದು ವಾರಕ್ಕೆ ನಾನು ಹುಲಿಯಾದೆ. ಕಣ್ಣು ಕಟ್ಟಿ ಯಾವುದು ಕೊಟ್ಟರೂ ತಪ್ಪದೆ ಹೇಳುತ್ತಿದ್ದೆ. ಅತ್ತೆ ಅಡಿಗೆಮನೆಯಿಂದ ಬಂದು ಪರೀಕ್ಷೆ ಮಾಡಿ ಹೋಗುತ್ತಿದ್ದರು. ಹಾಗಿರುವಾಗ ಒಂದು ಸಂಜೆ ಮಾವ ಒಂದು ಪಟ್ಟಿ ಕೊಟ್ಟರು. ಬಗ್ಗಿಸಿದೆ. ಎದುರು ನಿಂತಿತು. ಬಿಟ್ಟೆ, ಚಿಮ್ಮಿತು.

"ಹದಿನೆಂಟು," ಅಂದೆ.

"ಗ್ಯಾರಂಟಿಯಾ?"

"ಗ್ಯಾರಂಟಿ ಮಾವ."

ಕಣ್ಣು ಬಿಚ್ಚಿ ನೋಡಿದರೆ ಹಳದಿ ಬಣ್ಣ ಹೊಳೆಯುತ್ತಿದೆ. ಅಪರಂಜಿ! ಮಧ್ಯಾಹ್ನ ನಾನು ಮಲಗಿದ್ದಾಗ ಮಾವ ಅದನ್ನು ಅಡಿಗಲ್ಲಿನ ಮೇಲಿಟ್ಟು ಚೆನ್ನಾಗಿ ಬಡಿದಿದ್ದರು. ಕಾಸಿರಲಿಲ್ಲ. ಪೆಟ್ಟು ತಿಂದ ಅಪರಂಜಿ ನನ್ನ ಬೆರಳಿಗೆ ಬೆರಕೆಯ ಹಾಗೆ ಕಂಡಿತ್ತು. ಅಪರಂಜಿ ಎಷ್ಟು ಬಡಿದರೂ ಹದಿನೆಂಟರಷ್ಟು ಗಟ್ಟಿಯಾಗುವುದಿಲ್ಲ, ಆದರೆ ನನ್ನ ವಾರದ ಅನುಭವಕ್ಕೆ ಮೋಸ ಮಾಡುವಷ್ಟು ಆಗುತ್ತದೆ.

"ಬೆರಳಿಗೆ ಗೊತ್ತಾಗೋದು ಮೆತ್ತಗೋ ಗಟ್ಟಿಯೋ ಅಂತ. ಚಿನ್ನ ಎಷ್ಟು ಅಂತ ಅಲ್ಲ. ಕಾಸದೆ ಬೆರಳನ್ನ ನಂಬಬೇಡ," ಅಂದರು.

ಅದಕ್ಕೇ ಅವರಿಗೆ ಸಿನಿಮಾದಲ್ಲಿ ಚಿನ್ನ ಕಚ್ಚಿ ನೋಡುವ ಸಾಹುಕಾರರನ್ನು ಕಂಡರೆ ನಗು. ಹಲ್ಲಿನ ಗುರುತು ಬಿದ್ದರೆ ಅಪ್ಪಟ ಚಿನ್ನ ಅಂತಾರಲ್ಲ, ಸೀಸ ಕಚ್ಚಿದರೆ ಇನ್ನೂ ಚೆನ್ನಾಗಿ ಗುರುತು ಬೀಳುತ್ತದೆ. ಸೀಸಕ್ಕೆ ಚಿನ್ನದ ನೀರು ಕೊಟ್ಟು ತಂದರೆ ಸಾಹುಕಾರ ಹಲ್ಲು ಕಿರಿದು ಕೊಂಡುಕೊಳ್ಳುತ್ತಾನೆ.

ಇನ್ನೊಂದು ತೊಡಕೂ ಇತ್ತು. ಅದೇ 22 ಕ್ಯಾರಟ್ಟಿಗೆ ತಾಮ್ರದ ಬದಲು ಬೆಳ್ಳಿ ಬೆರೆಸಿ ಮಾವ ಒಂದು ಪಟ್ಟಿ ಮಾಡಿದರು. ಅದು ತಾಮ್ರದ್ದಕ್ಕಿಂತ ಮೆತ್ತಗಿತ್ತು, ಕೆಂಪು ಕಡಿಮೆ, ಹಸಿರು ಛಾಯೆಯ ಹಳದಿ. ಬರೀ ಬೆರಳಿನಲ್ಲಿ ಹೇಳು ಅಂದರೆ ನಾನು ಅದನ್ನು 23 ಅನ್ನುತ್ತಿದ್ದೆ. ಚಿನ್ನದ ಪಾಲು ಒಂದೇ, ಕೈಗೆ ಸಿಗುವ ಗುಣ ಬೇರೆ.

ಹಾಗಾದರೆ ಕೈಯಿಂದ ಏನು ಉಪಯೋಗ ಅಂತ ಕೇಳಬಹುದು. ನಾನೂ ಕೇಳಿದೆ. ಮಾವ ಉತ್ತರ ಕೊಡಲಿಲ್ಲ. ಪೆಟ್ಟಿಗೆಯಿಂದ ಎರಡು ಗುಂಡು ತೆಗೆದು ಎರಡು ಅಂಗೈ ಮೇಲಿಟ್ಟರು. ಒಂದೇ ಗಾತ್ರ, ಕಡಲೆಕಾಳಿನಷ್ಟು. ಒಂದು ಹಿತ್ತಾಳೆ, ಒಂದು ಚಿನ್ನ. ಬಲಗೈ ತಾನಾಗಿಯೇ ಕೆಳಗಿಳಿದ ಹಾಗಾಯಿತು. ಒಂದೇ ಗಾತ್ರದ ಹಿತ್ತಾಳೆಗಿಂತ ಚಿನ್ನ ಎರಡು ಪಟ್ಟಿಗೂ ಹೆಚ್ಚು ಭಾರ. ನೀರಿನ ಲೆಕ್ಕದಲ್ಲಿ ಹೇಳಿದರೆ ಚಿನ್ನ ಅದರ 19.3 ಪಟ್ಟು, ಬೆಳ್ಳಿ ಹತ್ತೂವರೆ, ತಾಮ್ರ ಒಂಬತ್ತರ ಹತ್ತಿರ. 22 ಕ್ಯಾರಟ್ಟು ಹದಿನೇಳು ಚಿಲ್ಲರೆ. ಅಪರಂಜಿಗೂ ಇಪ್ಪತ್ತೆರಡಕ್ಕೂ ಇರುವ ಆ ವ್ಯತ್ಯಾಸ ಸಣ್ಣ ಒಡವೆಯಲ್ಲಿ ಯಾರ ಕೈಗೂ ಸಿಗುವುದಿಲ್ಲ. ಸಿಗುತ್ತದೆ ಅನ್ನುವವರು ಜಂಬ ಕೊಚ್ಚುತ್ತಾರೆ. ಆದರೆ ನೋಡುವುದಕ್ಕೆ ಇಷ್ಟು ದಪ್ಪ ಇರುವ ವಸ್ತು ಇಷ್ಟು ಭಾರ ಇರಬೇಕಿತ್ತು, ಇಲ್ಲ ಅನ್ನುವುದು ಕೈಗೆ ತಕ್ಷಣ ಗೊತ್ತಾಗುತ್ತದೆ. ಸಾವಿರ ಒಡವೆ ಎತ್ತಿ ಇಳಿಸಿದ ಮೇಲೆ.

ಚಳಿಗಾಲ ಬಂತು. ಮಾಡಿನ ಮೇಲೆ ಮಳೆಯಿಲ್ಲ. ಅದೇ ಪಟ್ಟಿಗಳನ್ನು ಕಾಸಿ, ಒಂದು ಗೇಣು ಎತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಬಿಡಿಸಿದರು. ಅಪರಂಜಿ ತಪ್ ಅಂತ ಬಿದ್ದು ಅಲ್ಲೇ ಮುಗಿಯಿತು. ಒದ್ದೆ ಎಲೆ ಬಿದ್ದ ಹಾಗೆ. ಇಪ್ಪತ್ತೆರಡು ಟಿಕ್ ಅಂದಿತು. ಹದಿನೆಂಟು ಟಿಣ್ ಅಂದು ಒಂದು ಸಲ ಪುಟಿಯಿತು. ಈ ಹದಿನೆಂಟರ ಕಡೆ, ಅದಕ್ಕಿಂತ ಕೆಳಗಿನ ಸದ್ದು ಮಾವನಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಅದಕ್ಕೊಂದು ಕಥೆ ಇದೆ.

1963ರ ಜನವರಿಯಲ್ಲಿ ಸರ್ಕಾರ ಚಿನ್ನದ ನಿಯಂತ್ರಣ ತಂತು. ಹೊಸ ಒಡವೆ 14 ಕ್ಯಾರಟ್ಟಿಗಿಂತ ಜಾಸ್ತಿ ಇರಬಾರದು ಅಂತ. ನಮ್ಮ ಕಡೆ ತಾಳಿಯನ್ನು ಹದಿನಾಲ್ಕು ಕ್ಯಾರಟ್ಟಿನಲ್ಲಿ ಯಾರು ಮಾಡಿಸುತ್ತಾರೆ? ಗಿರಾಕಿಗಳೇ ಬರಲಿಲ್ಲ. ಎಷ್ಟೋ ಜನ ಅಕ್ಕಸಾಲಿಗರು ಕೆಲಸ ಬಿಟ್ಟರು. ಮಾವನ ತಮ್ಮ ಅಡಿಕೆ ಮಂಡಿಗೆ ಲೆಕ್ಕ ಬರೆಯಲು ಹೋದವರು ಮತ್ತೆ ಬರಲೇ ಇಲ್ಲ. ಮಾವ ಮಾತ್ರ ಹಟ ಹಿಡಿದು ಹದಿನಾಲ್ಕರಲ್ಲೇ ಕೆಲಸ ಮಾಡಿದರು. 1966ರಲ್ಲಿ ಆ ನಿಯಮ ಸಡಿಲವಾಯಿತು.

"ಮೂರು ವರ್ಷ ಆ ಹದಿನಾಲ್ಕನ್ನ ಬಡಿದೆ. ನಾಲ್ಕು ಪೆಟ್ಟಿಗೆ ಕೂಗ್ತಿತ್ತು. ಕಾಸು, ಬಡಿ, ಕಾಸು, ಬಡಿ. ಹೊಟ್ಟೆ ತುಂಬಲಿಲ್ಲ. ಕಿವಿ ತುಂಬಿತು," ಅನ್ನುತ್ತಿದ್ದರು.

ಪಟ್ಟಿಯ ಪಾಠ ಮುಗಿದ ಮೇಲೆ ಪವನಿಗೆ ಬಂದೆವು. ಬ್ರಿಟಿಷರ ಕಾಲದ ಚಿನ್ನದ ನಾಣ್ಯ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತು ಕೆಳಗಿನ ಪ್ರಾಣಿಯನ್ನು ಕೊಲ್ಲುತ್ತಿರುವವನು. 22 ಕ್ಯಾರಟ್ಟು, ತೂಕ ಎಂಟು ಗ್ರಾಂಗೆ ಸ್ವಲ್ಪವೇ ಕಡಿಮೆ, 7.98. 1918ರಲ್ಲಿ ಇದನ್ನು ಬೊಂಬಾಯಿಯಲ್ಲೂ ಅಚ್ಚು ಹಾಕಿದ್ದರು. ಅಂಥದ್ದರಲ್ಲಿ ಇಸವಿಯ ಹತ್ತಿರ ಇಂಗ್ಲಿಷಿನ 'ಐ' ಅಕ್ಷರ ಸಣ್ಣದಾಗಿ ಇರುತ್ತದೆ. ಮಲೆನಾಡಿನ ಹಳೇ ಮನೆಗಳಲ್ಲಿ ಪವನು ಬೇಕಾದಷ್ಟಿತ್ತು. ಕೊಂಡಿ ಬೆಸೆದು ಸರ ಮಾಡಿಸಿಕೊಳ್ಳುತ್ತಿದ್ದರು.

ಪವನು ಬಡಿದು ನೋಡುವ ಕ್ರಮ ಬೇರೆ. ತೋರುಬೆರಳಿನ ತುದಿಯಲ್ಲಿ ನಾಣ್ಯದ ಸರಿಯಾದ ನಡುಭಾಗ ಕೂರಬೇಕು. ಅಂಚಿಗೆ ಬೇರೆ ಬೆರಳು ತಾಗಬಾರದು. ಆಮೇಲೆ ಕಬ್ಬಿಣದ ಸಣ್ಣ ಕಡ್ಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟಬೇಕು. ತಟ್ಟಿದಾಗ ನಡುಗುವುದು ಅಂಚು, ನಡುಭಾಗ ಸುಮ್ಮನಿರುತ್ತದೆ. ಅದಕ್ಕೇ ಬೆರಳು ಅಲ್ಲಿದ್ದರೆ ಸದ್ದು ಸಾಯುವುದಿಲ್ಲ. ಸರಿಯಾದ ಪವನು ಸಣ್ಣ ದನಿಯಲ್ಲಿ ಟೀಂ... ಅಂತ ಎಳೆಯುತ್ತದೆ. ಮಾವ ಅದಕ್ಕೆ ಹಾಡ್ತದೆ ಅನ್ನುತ್ತಿದ್ದರು.

ನನಗೆ ಇಲ್ಲಿ ಗೊಂದಲ. ಪಟ್ಟಿಯಲ್ಲಿ ಒಳ್ಳೇ ಚಿನ್ನ ಮೂಕ, ಕೆಟ್ಟದ್ದು ಕೂಗುತ್ತದೆ. ಪವನಿನಲ್ಲಿ ಒಳ್ಳೇದು ಹಾಡಬೇಕು. ಇದೇನು ಎರಡು ನಾಲಿಗೆ?

"ಪಟ್ಟಿ ಕಾಸಿದ್ದು, ತೆಳ್ಳಗಿನದು. ಪವನು ಅಚ್ಚಿನಲ್ಲಿ ಪೆಟ್ಟು ತಿಂದದ್ದು, ದುಂಡಗೆ ದಪ್ಪ ಇರೋದು. ಪವನನ್ನ ಪವನಿನ ಜೊತೆ ನೋಡು, ಬಳೆಯನ್ನ ಬಳೆ ಜೊತೆ ನೋಡು. ಮದ್ದಳೆಯನ್ನ ತಾಳದ ಜೊತೆ ಹೋಲಿಸ್ತಾರಾ?"

ಆ ವರ್ಷ ದೀಪಾವಳಿ ಕಳೆದು, ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಮದುವೆ ಕೆಲಸ ಶುರುವಾಯಿತು. ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಸೆರಗಿನ ತುದಿ ಬಿಚ್ಚಿ ಐದು ಪವನು ಮಣೆಯ ಮೇಲಿಟ್ಟರು. ಮೊಮ್ಮಗಳಿಗೆ ಗುಂಡಿನ ಸರ ಆಗಬೇಕು. ಐದನ್ನೂ ಕರಗಿಸಿ ಮಾಡಿ ಅಂದರು. ಐದೂ ಅವರ ಹಳೇ ಸರದ್ದು. ಕೊಂಡಿ ಕಿತ್ತು ಉಳಿದ ನಾಣ್ಯಗಳು.

ಮಾವ ನನ್ನ ಕಡೆ ನೋಡಿದರು. "ನೋಡು."

ಗಿರಾಕಿಯ ಎದುರು ಮೊದಲ ಸಲ. ಎದೆ ಉಬ್ಬಿತು. ಬೆರಳ ತುದಿಯಲ್ಲಿಟ್ಟು ತಟ್ಟಿದೆ. ಒಂದು ಹಾಡಿತು. ಎರಡು ಹಾಡಿತು. ಮೂರು, ನಾಲ್ಕು ಹಾಡಿದವು. ಕೊಂಡಿ ಬೆಸೆಯುವಾಗ ಬೆಂಕಿ ತಿಂದದ್ದಕ್ಕೋ ಏನೋ ದನಿ ಹೊಸ ನಾಣ್ಯದಷ್ಟು ಉದ್ದ ಇರಲಿಲ್ಲ, ಆದರೂ ಹಾಡಿದವು. ಐದನೆಯದು ಟಕ್ ಅಂದಿತು, ಅಷ್ಟೇ. ಮತ್ತೆ ನಡು ಸರಿಮಾಡಿ ಇಟ್ಟೆ. ಟಕ್. ಮಡಕೆ ಚೂರಿಗೆ ತಟ್ಟಿದ ಹಾಗೆ.

"ಇದು ಖೋಟಾ ಮಾವ," ಅಂದೆ. ಗಟ್ಟಿಯಾಗಿಯೇ ಅಂದೆ.

ಅಜ್ಜಿಯ ಮುಖ ಬಿಳಿಚಿತು. "ನಮ್ಮ ಯಜಮಾನರು ಮದುವೆಗೆ ಹಾಕಿದ್ದು ಮಗಾ," ಅಂದರು. ಅಷ್ಟು ಹೇಳಿ ಸುಮ್ಮನಾದರು. ಐದು ಪವನಿನಲ್ಲಿ ಒಂದು ಹೋಯಿತು ಅನ್ನುವುದಕ್ಕಿಂತ ಬೇರೆ ಏನೋ ಲೆಕ್ಕ ಅವರ ತಲೆಯಲ್ಲಿ ಓಡುತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಮಾವ ನನಗೆ ಏನೂ ಅನ್ನಲಿಲ್ಲ. ಅತ್ತೆಯನ್ನು ಕರೆದು ಅಜ್ಜಿಗೆ ಮಜ್ಜಿಗೆ ಕೊಡಲು ಹೇಳಿದರು. ನಾಣ್ಯ ತೆಗೆದುಕೊಂಡು ಮೊದಲು ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಮಾಡಿದರು. ಆಮೇಲೆ ತಕ್ಕಡಿ. 7.9 ಗ್ರಾಂ ಬಂತು. ಸವೆದ ಪವನಿಗೆ ಸರಿಯಾದ ತೂಕ. ಇನ್ನೊಂದು ಪವನಿನ ಪಕ್ಕ ನಿಲ್ಲಿಸಿದರು. ಅಗಲ ಒಂದೇ, ದಪ್ಪ ಒಂದೇ. ಅಗಲವೂ ದಪ್ಪವೂ ತೂಕವೂ ಮೂರೂ ಕೂಡಿಬಂದರೆ ಅದು ಹಿತ್ತಾಳೆಯಾಗಲಿ ಬೆಳ್ಳಿಯಾಗಲಿ ಇರುವುದಕ್ಕೆ ಸಾಧ್ಯವಿಲ್ಲ. ಬೆಳ್ಳಿಯ ನಾಣ್ಯ ಅದೇ ಗಾತ್ರದಲ್ಲಿ ಐದು ಗ್ರಾಂ ಕೂಡ ತೂಗುವುದಿಲ್ಲ.

ನಂತರ ಒರೆಗಲ್ಲು ತೆಗೆದರು. ಕಪ್ಪು ಕಲ್ಲು, ಒಂದು ಹನಿ ಎಣ್ಣೆ ಸವರಿದ್ದು. ನಾಣ್ಯದ ಅಂಚಿನಿಂದ ಒಂದು ಗೆರೆ ಎಳೆದರು. ಪಕ್ಕದಲ್ಲೇ 22 ಕ್ಯಾರಟ್ಟಿನ ಮಾದರಿ ಕಡ್ಡಿಯಿಂದ ಇನ್ನೊಂದು ಗೆರೆ. ಬಾಗಿಲ ಕಡೆ ಹಿಡಿದು ನೋಡಿದರು. ನನಗೂ ತೋರಿಸಿದರು. ಎರಡು ಗೆರೆಗೂ ಒಂದೇ ಬಣ್ಣ. ಆಸಿಡ್ ಸವರಿದರು. ಎರಡೂ ಹಾಗೇ ಉಳಿದವು.

"ಅಪ್ಪಟ ಪವನು ಅಮ್ಮ. ಹುಡುಗನಿಗೆ ಗೊತ್ತಾಗಲಿಲ್ಲ," ಅಂದರು ಅಜ್ಜಿಗೆ.

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

"ಆದ್ರೆ ಹಾಡಲಿಲ್ಲ ಅಂದ್ಯಲ್ಲ, ಅದು ಸರಿ. ಯಾಕೆ ಹಾಡಲಿಲ್ಲ ಅಂತ ನೋಡು," ಅಂದು ಭೂತಗನ್ನಡಿ ನನ್ನ ಕೈಗೆ ಕೊಟ್ಟರು.

ರಾಜನ ತಲೆಯ ಮೇಲ್ಗಡೆ, ಕೊಂಡಿ ಇದ್ದ ಜಾಗದಲ್ಲಿ, ಬೂದು ಬಣ್ಣದ ಸಣ್ಣ ಕಲೆ. ಆ ಕಲೆಯಿಂದ ಒಳಕ್ಕೆ ಕೂದಲಿನಂಥ ಒಂದು ಬಿರುಕು. ನಾಣ್ಯದ ಕಾಲುಭಾಗದವರೆಗೆ ಹೋಗಿತ್ತು. ಉಗುರಿಗೆ ಸಿಗುತ್ತಿರಲಿಲ್ಲ. ಒಡೆದ ಗಂಟೆ ಬಾರಿಸಿದರೆ ಹೇಗೆ? ಬಿರುಕಿನ ಎರಡು ಅಂಚು ಒಂದಕ್ಕೊಂದು ತಿಕ್ಕಿ ನಡುಕವನ್ನು ಅಲ್ಲೇ ತಿಂದುಹಾಕುತ್ತವೆ. ಅದಕ್ಕೇ ಟಕ್.

ಮಾವ ಅಜ್ಜಿಯನ್ನು ಕೇಳಿದರು. ಯಾವಾಗಲಾದರೂ ಕೊಂಡಿ ಕಿತ್ತುಬಂದಿತ್ತಾ? ಹೌದು, ಜಾತ್ರೆಯಲ್ಲಿ ಪಾತ್ರೆಗೆ ಬೆಸುಗೆ ಹಾಕುವವನ ಹತ್ತಿರ ಹಾಕಿಸಿದ್ದೆ ಅಂದರು. ಪಾತ್ರೆಯ ಬೆಸುಗೆಯಲ್ಲಿ ಸೀಸ ಇರುತ್ತದೆ. ಸೀಸ ಚಿನ್ನಕ್ಕೆ ಮಹಾಶತ್ರು. ಬಿಸಿಯಾದರೆ ಚಿನ್ನದೊಳಕ್ಕೆ ಇಳಿಯುತ್ತದೆ, ಇಳಿದಲ್ಲಿ ಅದನ್ನು ಪುಡಿಪುಡಿ ಮಾಡುತ್ತದೆ. ಸಾವಿರದಲ್ಲಿ ಒಂದು ಪಾಲು ಸೀಸ ಬೆರೆತರೂ ಸಾಕು, ಆ ಚಿನ್ನವನ್ನು ಬಡಿದರೆ ಬಿಸ್ಕತ್ತಿನ ಹಾಗೆ ಬಿರಿಯುತ್ತದೆ. ಗುಂಡಿನ ಸರದ ಗುಂಡು ಮಾಡುವುದಕ್ಕೆ ತಗಡು ಕಾಗದದಷ್ಟು ತೆಳ್ಳಗಾಗಬೇಕು. ನಾನು ಖೋಟಾ ಅನ್ನದೆ, ಐದೂ ಒಳ್ಳೆಯದು ಅಂದು ಒಂದೇ ಮೂಸೆಗೆ ಹಾಕಿಬಿಟ್ಟಿದ್ದರೆ? ಉಳಿದ ನಾಲ್ಕು ಪವನೂ ಕೆಡುತ್ತಿತ್ತು.

ಮಾವ ಮೊದಲು ಆ ಬೂದು ಕಲೆಯನ್ನು ಬೆಂಕಿ ತೋರಿಸದೆ ಕೆರೆದರು. ಆಮೇಲೆ ಬಿರುಕಿನ ಸುತ್ತಲಿನ ತುಂಡನ್ನು ಕತ್ತರಿಸಿ ತೆಗೆದರು. ಆ ತುಂಡನ್ನು ಬೇರೆ ಮೂಸೆಯಲ್ಲಿ ಬಿಳಿಗಾರ, ಪೆಟ್ಲುಪ್ಪು ಹಾಕಿ ಕರಗಿಸಿದರು. ಪೆಟ್ಲುಪ್ಪು ಸೀಸವನ್ನು ಸುಟ್ಟು ಕಿಟ್ಟ ಮಾಡುತ್ತದೆ, ಬಿಳಿಗಾರ ಆ ಕಿಟ್ಟವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದು ಸಲಕ್ಕೆ ಆಗಲಿಲ್ಲ. ಗುಂಡು ತೆಗೆದು ಅಡಿಗಲ್ಲಿನ ಮೇಲಿಟ್ಟು ಬಡಿದರೆ ಅಂಚು ಬಿರಿಯಿತು. ಎರಡನೇ ಸಲವೂ ಬಿರಿಯಿತು. ಮೂರನೇ ಸಲ ಬಡಿದಾಗ ಅಂಚು ಬೆಣ್ಣೆಯಂತೆ ಹರಡಿತು. ಆಗ ಮಾತ್ರ ಅದನ್ನು ಉಳಿದವುಗಳ ಜೊತೆ ಸೇರಿಸಿದರು. ಎಷ್ಟು ಕಡಿಮೆಯಾಯಿತು ಅಂತ ಅಜ್ಜಿಗೆ ತೂಕ ಮಾಡಿ ತೋರಿಸಿದರು. ಎರಡು ಗುಲಗಂಜಿಯಷ್ಟೂ ಇರಲಿಲ್ಲ, ಕಾಲು ಗ್ರಾಂ ಒಳಗೇ.

ಆ ರಾತ್ರಿ ಊಟಕ್ಕೆ ಕೂತಾಗ ಮಾವ ಅಂದರು. "ಕಿವಿಗೆ ಅನುಮಾನ ಬಂದರೆ ಅನುಮಾನ ಅಂತ ಹೇಳು. ತೀರ್ಪು ಹೇಳಬೇಡ. ತೀರ್ಪು ಕಲ್ಲಿನದು."

ಕಲ್ಲೂ ಸೋಲುವುದನ್ನು ನಾನು ನೋಡಿದ್ದು ಎರಡು ವರ್ಷದ ಮೇಲೆ. ಒಬ್ಬ ತೋಟದವರು ಒಂದು ಜೊತೆ ಕಡಗ ತಂದರು. ಯಾರೋ ಪರಿಚಯದವರು ಅಡವಿಟ್ಟು ಸಾಲ ತೆಗೆದುಕೊಂಡಿದ್ದರಂತೆ. ಹೊತ್ತಾದರೂ ಬಿಡಿಸಿಕೊಳ್ಳಲಿಲ್ಲ. ಎಷ್ಟಾಗುತ್ತದೆ ನೋಡಿ ಅಂದರು. ನಾನು ಗೆರೆ ಎಳೆದೆ. ಚೊಕ್ಕ ಇಪ್ಪತ್ತೆರಡು. ಆಸಿಡ್‌ಗೂ ಜಗ್ಗಲಿಲ್ಲ.

ಆದರೆ ಕೈಗೆ ಸರಿ ಅನ್ನಿಸಲಿಲ್ಲ. ಕಡಗದ ದಪ್ಪ ನಾಲ್ಕು ಮಿಲಿಮೀಟರ್. ಆ ಸುತ್ತಳತೆಗೆ ಗಟ್ಟಿ ಚಿನ್ನವಾದರೆ ಒಂದೊಂದೂ 40 ಗ್ರಾಂ ಮೇಲೆ ತೂಗಬೇಕು. ಎತ್ತಿದಾಗ ಕೈ ಅಷ್ಟು ಭಾರಕ್ಕೆ ತಯಾರಾಗಿತ್ತು, ಕಡಗ ತಟ್ಟನೆ ಮೇಲೆ ಬಂದುಬಿಟ್ಟಿತು. ತಕ್ಕಡಿ 24 ತೋರಿಸಿತು. ಇದರಲ್ಲೇನೂ ಮೋಸ ಇಲ್ಲದಿರಬಹುದು. ಟೊಳ್ಳು ಕಡಗವೂ ಹಗುರವೇ ಇರುತ್ತದೆ, ಒಳಗೆ ಅರಗು ತುಂಬಿರುತ್ತಾರೆ. ಆಗ ಕಿವಿ ನೆನಪಾಯಿತು. ಅರಗು ತುಂಬಿದ ಕಡಗವನ್ನು ಕಲ್ಲಿನ ಮೇಲೆ ಬಿಟ್ಟರೆ ಮರದ ತುಂಡು ಬಿದ್ದ ಹಾಗೆ ದಡ್ ಅನ್ನುತ್ತದೆ. ಬರೀ ಟೊಳ್ಳಾದರೆ ಡಬ್ಬದ ಹಾಗೆ ಸದ್ದು. ಇದನ್ನು ಬಿಟ್ಟೆ. ಠಣ್... ಅಂತು. ಎಳೆಯಿತು. ದೇವಸ್ಥಾನದ ಕೈಗಂಟೆಯ ಮೊಮ್ಮಗನ ಹಾಗಿತ್ತು. ಹಗುರ ಇದೆ, ಆದರೆ ಟೊಳ್ಳಿಲ್ಲ. ಗಟ್ಟಿಯಾಗಿದೆ, ಆದರೆ ಚಿನ್ನವಿಲ್ಲ.

ಈ ಸಲ ತೀರ್ಪು ಹೇಳಲಿಲ್ಲ. "ಸ್ವಲ್ಪ ಅನುಮಾನ ಇದೆ. ಒಳಗಡೆ ಒಂದು ಗೀರು ಹಾಕಲಾ?" ಅಂತ ಕೇಳಿದೆ. ಅವರು ಒಪ್ಪಿದರು. ಕಡಗದ ಒಳಮೈಯಲ್ಲಿ ತ್ರಿಕೋನದ ಅರದಿಂದ ಎರಡು ಸಲ ಎಳೆದೆ. ಹಳದಿಯ ಕೆಳಗೆ ಕೆಂಪು ಕಂಡಿತು. ಒಂದು ಹನಿ ಆಸಿಡ್ ಬಿಟ್ಟೆ. ಹಸಿರು ನೊರೆ ಬಂತು, ಮೂಗಿಗೆ ಹೊಗೆ ಬಡಿಯಿತು. ತಾಮ್ರ. ಮೇಲೆ ಚಿನ್ನದ ತಗಡು ದಪ್ಪಕ್ಕೇ ಹೊದಿಸಿದ್ದರು. ಒರೆಗಲ್ಲು ಮೇಲಿನ ಚರ್ಮವನ್ನಷ್ಟೇ ನೋಡಿತ್ತು. ಅದು ಸುಳ್ಳು ಹೇಳಿರಲಿಲ್ಲ, ಅದಕ್ಕೆ ಸಿಕ್ಕಿದ್ದು ಚಿನ್ನವೇ.

ಮಾವ ಆ ದಿನ ಕಣ್ಣು ಕೂಡ ಎತ್ತಲಿಲ್ಲ. ತಮ್ಮ ಪಾಡಿಗೆ ಜುಮಕಿಗೆ ಮಣಿ ಬೆಸೆಯುತ್ತಿದ್ದರು. ತೋಟದವರು ಹೋದ ಮೇಲೆ ಊದುಗೊಳವೆ ಬಾಯಿಂದ ತೆಗೆದು, "ಬೀಳೋವಾಗ್ಲೇ ಗೊತ್ತಾಯ್ತು ನಂಗೆ," ಅಂದರು. ಅಷ್ಟೇ.

ಈಗ ನನ್ನದೇ ಅಂಗಡಿ ಇದೆ, ಶಿವಮೊಗ್ಗದಲ್ಲಿ. ಹೊಸ ಒಡವೆಗೆ ಹಾಲ್‌ಮಾರ್ಕ್ ಇರುತ್ತದೆ. 916 ಅಂತ, ಪಕ್ಕದಲ್ಲಿ ಆರು ಅಕ್ಷರದ ನಂಬರು. 2023ರ ಏಪ್ರಿಲ್‌ನಿಂದ ಆ ನಂಬರಿಲ್ಲದೆ ಅಂಗಡಿಯಲ್ಲಿ ಮಾರುವ ಹಾಗಿಲ್ಲ. ಪಕ್ಕದ ಬೀದಿಯಲ್ಲಿ ಕ್ಯಾರಟ್ ನೋಡುವ ಮಿಷನ್ ಇದೆ, ಅರ್ಧ ನಿಮಿಷದಲ್ಲಿ ನೂರಕ್ಕೆ ಎಷ್ಟು ಅಂತ ಚೀಟಿ ಕೊಡುತ್ತದೆ. ನಾನೂ ಕಳಿಸುತ್ತೇನೆ. ಆದರೆ ಆ ಮಿಷನ್ನೂ ಒರೆಗಲ್ಲಿನ ಹಾಗೆ ಮೇಲ್ಮೈಯನ್ನೇ ನೋಡುವುದು. ಆ ಕಡಗ ಕೊಟ್ಟಿದ್ದರೆ ಅದೂ ಇಪ್ಪತ್ತೆರಡು ಅನ್ನುತ್ತಿತ್ತು. ಹಾಗಾಗಿ ಹಳೇ ಒಡವೆ ಬಂದರೆ ಮೊದಲು ಕೈಯಲ್ಲಿ ಎತ್ತಿ, ಕಲ್ಲಿನ ಮೇಲೆ ಬಿಟ್ಟು, ಆಮೇಲೆ ಮಿಷನ್ನಿಗೆ ಕಳಿಸುವುದು. ನನ್ನ ಮಗನಿಗೆ ಇದು ಸ್ವಲ್ಪ ನಾಚಿಕೆ. ಗಿರಾಕಿಗಳ ಎದುರು ಬೇಡ ಅಪ್ಪ ಅನ್ನುತ್ತಾನೆ.

ಮಾವನಿಗೆ ಕೊನೆಗಾಲದಲ್ಲಿ ಕಿವಿ ಹೋಗಿತ್ತು. ಜೀವನವಿಡೀ ಅಡಿಗಲ್ಲಿನ ಪಕ್ಕ ಕೂತವರಿಗೆ ಅದು ದೊಡ್ಡ ವಿಷಯವಲ್ಲ. ತೀರ್ಥಹಳ್ಳಿಗೆ ಹೋದಾಗಲೆಲ್ಲ ನಾನು ಒಂದು ಪವನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಅವರು ಅದನ್ನು ಬೆರಳ ತುದಿಯಲ್ಲಿಡುತ್ತಿದ್ದರು. ಬೆರಳು ನಡುಗುತ್ತಿತ್ತು, ಆದರೂ ನಡು ತಪ್ಪುತ್ತಿರಲಿಲ್ಲ. ಕಡ್ಡಿಯಿಂದ ತಟ್ಟಿ ನನ್ನ ಮುಖ ನೋಡುತ್ತಿದ್ದರು.

"ಏನಂತು?"

"ಹಾಡ್ತು ಮಾವ," ಅಂತ ಜೋರಾಗಿ ಕೂಗುತ್ತಿದ್ದೆ.

ತಲೆ ಆಡಿಸಿ, ಒರೆಗಲ್ಲು ಕೊಡು ಅಂತ ಕೈ ಚಾಚುತ್ತಿದ್ದರು.